ಶೆಲ್ಫ್‌ನಲ್ಲಿ 168, ಬಿಲ್‌ನಲ್ಲಿ 189

ಟೊರಾಂಟೊದಿಂದ ರಜೆಗೆ ಬಂದವನು ಅಮ್ಮನ ಜೊತೆ ಜಯನಗರದ ಒಂದು ಸೂಪರ್‌ಮಾರ್ಕೆಟ್‌ಗೆ ಹೋಗಿದ್ದೆ. ಒಂದು ಕಿಲೋ ತೊಗರಿಬೇಳೆಗೆ ಶೆಲ್ಫ್ ಚೀಟಿಯಲ್ಲಿ 168 ರೂಪಾಯಿ ಇತ್ತು, ಬಿಲ್‌ನಲ್ಲಿ 189 ಬಂತು. ಕೇಳಿದರೆ ಕೌಂಟರಿನ ಹುಡುಗ, "ಎಂಆರ್‌ಪಿ 210 ಇದೆ ಸಾರ್, ಅದಕ್ಕಿಂತ ಕಮ್ಮಿನೇ ಅಲ್ವಾ?" ಅಂದ. 21 ರೂಪಾಯಿ ಉಳಿತಾಯ ಅಂತ ಬಿಲ್ ಕೆಳಗೆ ಅಚ್ಚೂ ಆಗಿತ್ತು. ಅಮ್ಮ, "ಹೋಗ್ಲಿ ಬಿಡೋ, ಹಿಂದೆ ಜನ ಕಾಯ್ತಿದಾರೆ" ಅಂದರು. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಕೇಳಿದವರೇ ಸಂಕೋಚಪಡಬೇಕಲ್ಲ, ಅದಕ್ಕೆ.

ಕೆನಡಾದ ಎಷ್ಟೋ ದೊಡ್ಡ ಅಂಗಡಿಗಳು ಬೆಲೆ ತಪ್ಪಿದರೆ ಏನು ಮಾಡಬೇಕು ಅಂತ ಒಂದು ನಿಯಮಕ್ಕೆ ಒಪ್ಪಿಕೊಂಡಿವೆ. ಚೀಟಿಗಿಂತ ಬಿಲ್ ಜಾಸ್ತಿ ಬಂತು, ಸಾಮಾನಿನ ಬೆಲೆ ನಿಯಮದಲ್ಲಿ ಹೇಳಿದ ಮಿತಿಯ ಒಳಗಿದೆ ಅಂದರೆ ಅದು ಪುಕ್ಕಟೆ. ಅದಕ್ಕಿಂತ ಹೆಚ್ಚಿನದಾದರೆ ಚೀಟಿಯ ಬೆಲೆಯಲ್ಲಿ ಆ ಮಿತಿಯಷ್ಟು ದುಡ್ಡು ಕಳೆಯುತ್ತಾರೆ. ಒಂದೇ ಸಾಮಾನು ಮೂರು ತಗೊಂಡಿದ್ದರೆ ಮೊದಲನೆಯದು ಮಾತ್ರ ಪುಕ್ಕಟೆ. ತಪ್ಪಿಗೆ ಅಂಗಡಿಯೇ ದುಡ್ಡು ಕಳೆದುಕೊಳ್ಳುವುದರಿಂದ ಚೀಟಿ ಬದಲಿಸಲು ಅವರಿಗೇ ಅವಸರ.

ನಮ್ಮಲ್ಲಿ ಪುಕ್ಕಟೆ ಕೊಡಿ ಅಂತ ಕೇಳಲು ಕಾನೂನಿಲ್ಲ. ಆದರೆ ಆ ಹುಡುಗನ ಮಾತೂ ಸರಿಯಲ್ಲ. ಎಂಆರ್‌ಪಿ ಅನ್ನೋದು ದಾಟಬಾರದ ಮಿತಿ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ಯಾಕೆಟ್ ಮೇಲಿನ ಬೆಲೆಯನ್ನಷ್ಟೇ ಅಲ್ಲ, ಅಂಗಡಿಯವರು ತೂಗುಹಾಕಿದ ಬೆಲೆಪಟ್ಟಿಯನ್ನೂ ಹೆಸರಿಸುತ್ತದೆ. ಅದರಲ್ಲಿರುವುದಕ್ಕಿಂತ ಜಾಸ್ತಿ ತಗೊಂಡರೆ ದೂರು ಕೊಡಬಹುದು. ಶೆಲ್ಫ್ ಚೀಟಿಯೂ ಅವರೇ ಹಾಕಿದ ಬೆಲೆ ತಾನೇ? ನಾನು ಈ ವಾದವನ್ನೇ ಹಿಡಿದೆ.

ಮೊದಲು ಶೆಲ್ಫ್ ಹತ್ತಿರ ವಾಪಸ್ ಹೋಗಿ ಚೀಟಿ, ಪ್ಯಾಕೆಟ್ ಎರಡೂ ಒಟ್ಟಿಗೆ ಬರುವಂತೆ ಫೋಟೋ ತೆಗೆದೆ. ಬ್ರ್ಯಾಂಡು, ತೂಕ, ಆಫರ್ ಮುಗಿಯುವ ತಾರೀಕು ಮೂರೂ ನೋಡಲೇಬೇಕು. ಅರ್ಧ ಕಿಲೋದ ಚೀಟಿ ಒಂದು ಕಿಲೋ ಪ್ಯಾಕೆಟ್ ಮುಂದೆ ಕೂತಿರುವುದೂ ಉಂಟು, ಆಗ ನಮ್ಮ ವಾದ ನಿಲ್ಲುವುದಿಲ್ಲ. ನಮ್ಮದು ಎಲ್ಲ ಸರಿಯಿತ್ತು. ಹುಡುಗನ ಜೊತೆ ಜಗ್ಗಾಡದೆ ಮ್ಯಾನೇಜರ್ ಕರೆಸಿದೆ. ಮುಂದಿನ ಸಲ ಕಳೆಯುತ್ತೇವೆ ಅಂದರು, ನಾನು ಒಪ್ಪಲಿಲ್ಲ. ಬೇಳೆಯ ಸಾಲು ರದ್ದು ಮಾಡಿ 168ಕ್ಕೆ ಹೊಸ ಬಿಲ್ ಹಾಕಿ, 21 ರೂಪಾಯಿ ಕೈಗೆ ಕೊಡಿ ಅಂದೆ. ಕೊಟ್ಟರು. ದುಡ್ಡು ಕೊಡುವ ಮೊದಲೇ ಕಂಡಿದ್ದರೆ ಇನ್ನೂ ಸುಲಭ, ಆ ಬೆಲೆಗೆ ಕೊಡದಿದ್ದರೆ ಪ್ಯಾಕೆಟ್ ಬೇಡ ಅಂತ ಪಕ್ಕಕ್ಕಿಡಬಹುದು. ಏನೂ ಒಪ್ಪದಿದ್ದರೆ ಬಿಲ್, ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕು.

ಮ್ಯಾನೇಜರ್ ಹೇಳಿದ ಕಾರಣವನ್ನು ನಾನು ಅಲ್ಲಗಳೆಯಲಾರೆ. ಕಂಪ್ಯೂಟರಿನಲ್ಲಿ ಬೆಲೆ ರಾತ್ರಿಯೇ ಬದಲಾಗುತ್ತದಂತೆ, ಕಾಗದದ ಚೀಟಿ ಬದಲಿಸಲು ಬೆಳಿಗ್ಗೆ ಯಾರಾದರೂ ಬರಬೇಕು. ಮತ್ತೆ, ಕೆನಡಾದ ಆ ನಿಯಮವೂ ಅಂಗಡಿಗಳು ಸ್ವಇಚ್ಛೆಯಿಂದ ಒಪ್ಪಿಕೊಂಡದ್ದು. ಸೇರದ ಅಂಗಡಿಯಲ್ಲಿ ಅದನ್ನು ಹೇಳಿ ಪ್ರಯೋಜನವಿಲ್ಲ. ಸೇರಿದ ಕಡೆಯೂ ನಾವಾಗಿ ಕೇಳದಿದ್ದರೆ ಕ್ಯಾಷಿಯರ್‌ಗೆ ತಪ್ಪು ಗೊತ್ತೇ ಆಗುವುದಿಲ್ಲ.