ಸ್ಪ್ಯಾನಿಷ್ ಕಲಿಯುವವರೇ, ನಮ್ಮ ‘ಇರು’ ಕಡೆ ಸ್ವಲ್ಪ ನೋಡಿ

ಸ್ಪ್ಯಾನಿಷ್ ಕ್ಲಾಸಲ್ಲಿ ಪಾಸ್ಟ್ ಪಾರ್ಟಿಸಿಪಲ್, ಅಂದರೆ ‘ಒಡೆದ’, ‘ಮಾಡಿದ’ ತರಹದ ಕ್ರಿಯಾರೂಪ, ಬಂತು ಅಂದ್ರೆ ಮೊದಲು ಕೈಗೆ ಬರುವುದು ಒಂದು ಪಟ್ಟಿ. ‘ಆಬ್ಲಾರ್’ (ಮಾತಾಡು) ‘ಆಬ್ಲಾದೊ’ ಆಗುತ್ತದೆ, ‘ಕೊಮೆರ್’ (ತಿನ್ನು) ‘ಕೊಮಿದೊ’ ಆಗುತ್ತದೆ, ಇವು ಸಾಧು ಪ್ರಾಣಿಗಳು. ‘ಆಸೆರ್’ (ಮಾಡು) ಮಾತ್ರ ‘ಎಚೊ’, ‘ಪೊನೆರ್’ (ಇಡು) ‘ಪ್ವೆಸ್ತೊ’, ‘ರೊಂಪೆರ್’ (ಒಡೆ) ‘ರೊತೊ’. ಇವನ್ನು ಬಾಯಿಪಾಠ ಮಾಡಿಸುತ್ತಾರೆ. ಮಾಡಿಸಲಿ, ಪಟ್ಟಿಯೇನೂ ಉದ್ದವಿಲ್ಲ. ಸ್ಪ್ಯಾನಿಷ್ ಮನೆಮಾತಿನ ಪುಟ್ಟ ಮಕ್ಕಳೂ ಮೊದಮೊದಲು ‘ರೊಂಪಿದೊ’ ಅನ್ನುತ್ತಾರೆ, ಆಮೇಲೆ ತಾನಾಗಿಯೇ ಸರಿಯಾಗುತ್ತದೆ.

ನಮ್ಮವರು ಜಾಸ್ತಿ ಎಡವುವುದು ಬೇರೆ ಕಡೆ. ಕನ್ನಡದಲ್ಲಿ ‘ನಾನು ಕಪ್ ಒಡೆದಿದ್ದೇನೆ’ ಅನ್ನುತ್ತೇವೆ, ‘ಕಪ್ ಒಡೆದಿದೆ’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ಇರುವುದು ಅದೇ ‘ಇರು’. ಸ್ಪ್ಯಾನಿಷ್ ಈ ಕೆಲಸವನ್ನು ಇಬ್ಬರಿಗೆ ಹಂಚಿಬಿಟ್ಟಿದೆ. ನಡೆದ ಕೆಲಸ ಹೇಳಲು ‘ಆಬೆರ್’, ಈಗಿನ ಸ್ಥಿತಿ ಹೇಳಲು ‘ಎಸ್ತಾರ್’.

‘ತಾಸಾ’ ಅಂದರೆ ಕಪ್, ಅದು ಸ್ತ್ರೀಲಿಂಗ. ನಾನೇ ಒಡೆದಿದ್ದರೆ ‘ಎ ರೊತೊ ಲಾ ತಾಸಾ’. ಅದೇ ಬಿದ್ದು ಒಡೆದಿದ್ದರೆ ‘ಲಾ ತಾಸಾ ಸೆ ಆ ರೊತೊ’. ಇಲ್ಲಿನ ‘ಎ’, ‘ಆ’ ಎರಡೂ ಆಬೆರ್‌ನ ರೂಪಗಳೇ, ಹಾಗಾಗಿ ರೊತೊ ಅಲುಗಾಡುವುದಿಲ್ಲ. ಒಡೆದ ಸ್ಥಿತಿಯಲ್ಲಿ ಮೇಜಿನ ಮೇಲಿದೆ ಅನ್ನುವುದಾದರೆ ‘ಲಾ ತಾಸಾ ಎಸ್ತಾ ರೊತಾ’. ಇಲ್ಲಿ ಅದು ವಿಶೇಷಣ, ಕಪ್ಪಿನ ಲಿಂಗ, ವಚನ ಎರಡನ್ನೂ ಹಿಡಿಯಬೇಕು. ನಾಲ್ಕು ಕಪ್ಪಾದರೆ ‘ರೊತಾಸ್’. ನಾಮಪದದ ಪಕ್ಕ ನೇರವಾಗಿ ಕೂತರೂ ಹಾಗೆಯೇ, ‘ಉನಾ ತಾಸಾ ರೊತಾ’. ನಮ್ಮ ‘ಒಡೆದ’ ಮಾತ್ರ ಎಷ್ಟು ಕಪ್ಪಿದ್ದರೂ ‘ಒಡೆದ’ವೇ. ಆ ಅಭ್ಯಾಸದಲ್ಲೇ ‘ಎಸ್ತಾ ರೊತೊ’ ಬಾಯಿಗೆ ಬರುವುದು. ತಿದ್ದಿಸಿಕೊಂಡವರು ಹೆದರಿ ‘ಎ ರೊತಾ’ ಅಂತಾರೆ, ಅದೂ ತಪ್ಪು.

ಇಷ್ಟಾದರೂ ಇದನ್ನು ಇಂಗ್ಲಿಷ್ ಮೂಲಕವೇ ಕಲಿಸುವುದು ನನಗೆ ಸರಿಕಾಣುವುದಿಲ್ಲ. ‘ಎಸ್ತಾ ಸೆಂತಾದಾ’, ಅಂದರೆ ‘ಕೂತಿದ್ದಾಳೆ’, ತಗೊಳ್ಳಿ. ಇಂಗ್ಲಿಷಿನವರು ‘ಸಿಟ್ಟಿಂಗ್’ ನೆನೆಸಿಕೊಂಡು ‘ಸೆಂತಾಂದೊಸೆ’ ಅಂದುಬಿಡುತ್ತಾರೆ. ಅದರರ್ಥ ಈಗಷ್ಟೇ ಕುಳಿತುಕೊಳ್ಳುತ್ತಿದ್ದಾಳೆ ಅಂತ. ನಮಗೆ ಆ ಗೊಂದಲವೇ ಬೇಡ. ‘ಕೂತಿದ್ದಾಳೆ’ ಬಿಡಿಸಿದರೆ ‘ಕೂತು ಇದ್ದಾಳೆ’, ಅಚ್ಚು ಅದೇ ರಚನೆ. ಮಲಗಿದ್ದಾನೆ, ನಿಂತಿದ್ದಾರೆ, ಎಲ್ಲವೂ ಹೀಗೆಯೇ ಅಲ್ವಾ?

ಸ್ಪೇನಿನ ಹೋಟೆಲಿನಲ್ಲೂ ಇದು ಬೇಕಾಗುತ್ತದೆ. ಮಾಂಸ ಚೆನ್ನಾಗಿ ಬೇಯಲಿ ಅನ್ನಲು ‘ಮುಯ್ ಎಚಾ’, ಏಕೆಂದರೆ ‘ಕಾರ್ನೆ’ (ಮಾಂಸ) ಸ್ತ್ರೀಲಿಂಗ. ಮಾಂಸದ ಹೋಳು ‘ಫಿಲೆತೆ’ ತರಿಸಿದರೆ ಅದು ಪುಲ್ಲಿಂಗ, ‘ಮುಯ್ ಎಚೊ’.

ಇನ್ನು ‘ಫ್ರೆಯಿರ್’ (ಕರಿ) ಕಥೆಯೇ ಬೇರೆ, ಅದಕ್ಕೆ ಎರಡು ರೂಪ. ಆಬೆರ್ ಜೊತೆ ‘ಫ್ರೆಯಿದೊ’, ‘ಫ್ರಿತೊ’ ಎರಡೂ ಸರಿ. ತಟ್ಟೆಯಲ್ಲಿರುವ ಕರಿದ ಆಲೂಗಡ್ಡೆ ಮಾತ್ರ ಯಾವಾಗಲೂ ‘ಪಾಪಾಸ್ ಫ್ರಿತಾಸ್’, ಸ್ಪೇನಿನಲ್ಲಾದರೆ ‘ಪತಾತಾಸ್ ಫ್ರಿತಾಸ್’. ಅಲ್ಲಿ ‘ಫ್ರೆಯಿದಾಸ್’ ಯಾರೂ ಅನ್ನುವುದಿಲ್ಲ.