ಏಳೂವರೆನಾ, ಏಳೋ ಐದೋ?

ನಾನು ಕನ್ನಡಕ್ಕೆ ಅನುವಾದಿಸಿ ಕೊಟ್ಟಿದ್ದ ಫೈಲ್ ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ರಿವ್ಯೂ ಮಾಡುವವರಿಂದ ವಾಪಸ್ ಬಂತು. ತೆರೆದು ನೋಡಿದೆ, ಮೈ ಉರಿದುಹೋಯಿತು. ಹದಿನಾಲ್ಕು ಕಡೆ ನಾನು ಹಾಕಿದ್ದ ಚುಕ್ಕಿ ತೆಗೆದು ಮತ್ತೆ ಅಲ್ಪವಿರಾಮ ಹಾಕಿದ್ದಾರೆ. ಪಕ್ಕದಲ್ಲಿ ಒಂದೇ ಸಾಲಿನ ಟಿಪ್ಪಣಿ: "ಅಂಕಿಗಳು ಮೂಲದಲ್ಲಿ ಇದ್ದ ಹಾಗೇ ಇರಲಿ."

ಮೂಲ ಜರ್ಮನ್ ಭಾಷೆಯದು. ಮೆಥೋಟ್ರೆಕ್ಸೇಟ್ ಮಾತ್ರೆಯ ಡಬ್ಬಿಯೊಳಗೆ ಮಡಿಚಿಟ್ಟಿರುತ್ತಾರಲ್ಲ, ಆ ಚೀಟಿ. ಕೀಲುವಾತಕ್ಕೆ ಕೊಡುವ ಮಾತ್ರೆ. ಅದರಲ್ಲಿ ಡೋಸ್ 7,5 ಮಿಲಿಗ್ರಾಂ ಅಂತ ಇದೆ. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೇ ಬಳಸುತ್ತಾರೆ. ಅವರದು ತಪ್ಪಲ್ಲ. ಚುಕ್ಕಿ, ಅಲ್ಪವಿರಾಮ ಎರಡೂ ಸರಿ ಅಂತ ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವೇ 2003ರಲ್ಲಿ ಒಪ್ಪಿಕೊಂಡಿದೆ. ಆದರೆ ಓದುವವರು ನಮ್ಮ ಜನ. ನಮಗೆ ಅಲ್ಪವಿರಾಮ ಅಂದರೆ ಸಾವಿರ, ಲಕ್ಷ ಬೇರೆ ಮಾಡುವ ಗುರುತು. ಇಲ್ಲದಿದ್ದರೆ "ಇದೋ ಅದೋ" ಅನ್ನುವ ಗುರುತು. "ಎರಡು, ಮೂರು ದೋಸೆ ಹಾಕು" ಅಂದರೆ ಎರಡೋ ಮೂರೋ ಅಂತ ತಾನೇ?

ಇದು ನನ್ನ ಕಲ್ಪನೆ ಅಲ್ಲ. ಕಳೆದ ವಾರ ಅದೇ ಸಾಲನ್ನು ಪ್ರಿಂಟ್ ತೆಗೆದು ಪಕ್ಕದ ಮನೆ ಆಂಟಿಗೆ ಕೊಟ್ಟೆ. ಮಲ್ಲೇಶ್ವರದಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದವರು. ಕನ್ನಡಕ ಏರಿಸಿಕೊಂಡು ಓದಿದರು: "ವಾರಕ್ಕೊಮ್ಮೆ ಏಳು, ಐದು ಮಿಲಿಗ್ರಾಂ." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಏಳಾ ಐದಾ ಕಣಮ್ಮಾ? ಸರಿಯಾಗಿ ಬರೆಯೋದು ಬೇಡ್ವಾ?" ಪಾಠ ಹೇಳಿದ ಟೀಚರಿಗೇ ಹೀಗಾದರೆ ಉಳಿದವರ ಗತಿ ಏನು?

ಆಂಟಿ ಕೇಳಿದರು, ಒಳ್ಳೆಯದಾಯಿತು. ಕೇಳದವರ ಬಗ್ಗೆ ನನಗೆ ಭಯ. ಈ ಚೀಟಿಯ ಅಕ್ಷರ ಇರುವೆಯಷ್ಟು ಸಣ್ಣದು. ಒಂದು ಸಲ ಜೆರಾಕ್ಸ್ ಮಾಡಿಸಿದರೆ ಅಲ್ಪವಿರಾಮ ಮಾಯ. 7,5 ಹೋಗಿ 75 ಆಗುತ್ತದೆ. ಮಾತ್ರೆ ಒಂದೊಂದು 2.5 ಮಿಲಿಗ್ರಾಂನದು. ಏಳೂವರೆಗೆ ಮೂರು ಮಾತ್ರೆ. ಎಪ್ಪತ್ತೈದಕ್ಕೆ ಮೂವತ್ತು! ಅದೂ ರಕ್ತಕಣ ಹುಟ್ಟುವುದನ್ನೇ ಕುಗ್ಗಿಸುವ ಔಷಧಿ. ವಾರಕ್ಕೊಂದು ದಿನ ತೆಗೆದುಕೊಳ್ಳಬೇಕಾದ ಇದನ್ನು ತಪ್ಪಿ ದಿನಾ ತೆಗೆದುಕೊಂಡು ಜನ ಸತ್ತಿದ್ದಾರೆ.

"ಡೋಸನ್ನು ಮಾತ್ರೆಯ ಪವರ್‌ನಿಂದ ಭಾಗಿಸಿ ನೋಡಿದರೆ ತಪ್ಪು ಗೊತ್ತಾಗುತ್ತಲ್ಲ" ಅಂತ ರಿವ್ಯೂ ಮಾಡಿದವರು ಫೋನಿನಲ್ಲಿ ಹೇಳಿದರು. ಹೌದು, ನಾನೂ ಪ್ರತಿ ಸಲ ಹಾಗೇ ನೋಡುತ್ತೇನೆ. ಆದರೆ ಎರಡೂ ಕಡೆ ಅಲ್ಪವಿರಾಮ ಹೋದರೆ? 75ನ್ನು 25ರಿಂದ ಭಾಗಿಸಿ. ಮತ್ತೆ ಮೂರೇ ಬರುತ್ತದೆ! ಲೆಕ್ಕ ಸರಿ, ಚೀಟಿ ತಪ್ಪು. ಅದಕ್ಕೇ ಲೆಕ್ಕ ಒಂದೇ ಸಾಲದು, ಡಬ್ಬಿಯ ಮೇಲಿನ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅದನ್ನು ಮಾಡಲು ಇವರಿಗೆ ಪುರುಸೊತ್ತಿಲ್ಲ.

ಮೂಲ ಕಾರಣ ಏನು ಗೊತ್ತಾ? ಅವರ ತಪಾಸಣೆ ಸಾಫ್ಟ್‌ವೇರ್. ಮೂಲದ ಅಂಕಿ ಮತ್ತು ಅನುವಾದದ ಅಂಕಿ ಒಂದೇ ಥರ ಕಾಣದಿದ್ದರೆ ಅದು ಕೆಂಪು ಗೆರೆ ಎಳೆಯುತ್ತದೆ. ದಶಮಾಂಶದ ಗುರುತು ಭಾಷೆಗೆ ತಕ್ಕಂತೆ ಬದಲಾಗುತ್ತದೆ ಅಂತ ಅದಕ್ಕೆ ಸೆಟ್ಟಿಂಗ್‌ನಲ್ಲಿ ಹೇಳಿಕೊಡಬೇಕು. ಅದು ಯಾರಿಗೂ ಬೇಡ. ಕೆಂಪು ಹೋಗಿ ಹಸಿರು ಬಂದರೆ ಸಾಕು, ಫೈಲ್ ಮುಂದಕ್ಕೆ.

ಇದೇ ಜನರಿಂದ ಇನ್ನೊಂದು ಅವಾಂತರವೂ ಆಗಿತ್ತು. ಮಗುವಿನ ಬಾಯಿಗೆ ಫಂಗಸ್ ಸೋಂಕಾದಾಗ ಹಾಕುವ ನಿಸ್ಟಾಟಿನ್ ದ್ರವ ಔಷಧಿಯ ಚೀಟಿ. ಜರ್ಮನ್‌ನಲ್ಲಿ ಒಂದು ಮಿಲಿಲೀಟರಿಗೆ 100.000 ಐ.ಇ. ಅಂತ ಇರುತ್ತದೆ. ಅಲ್ಲಿ ಸಾವಿರ ಬೇರೆ ಮಾಡುವುದು ಚುಕ್ಕಿಯಿಂದ. ಐ.ಇ. ಅಂದರೆ ನಮ್ಮ ಮೆಡಿಕಲ್ ಶಾಪ್‌ನವರು ಐಯು ಅನ್ನುತ್ತಾರಲ್ಲ, ಅದೇ. ಕನ್ನಡದಲ್ಲಿ ಅದು 1,00,000 ಐಯು, ಒಂದು ಲಕ್ಷ. ಹಾಗೇ ಬರೆದಿದ್ದೆ. ಅದನ್ನು ತೆಗೆದು ಮತ್ತೆ 100.000 ಮಾಡಿದರು. ನಮ್ಮ ಕಣ್ಣಿಗೆ ಅದು ಬರೀ ನೂರು. ಡಾಕ್ಟರು ಲಕ್ಷ ಯೂನಿಟ್ ಅಂದಿರುತ್ತಾರೆ, ಚೀಟಿ ನೂರು ಅನ್ನುತ್ತದೆ. ತಾಯಿ ಏನು ಮಾಡಬೇಕು? ಔಷಧಿಯೇ ಬೇರೆ ಇರಬೇಕು ಅಂತ ಬಾಟಲಿ ಪಕ್ಕಕ್ಕಿಡುತ್ತಾಳೆ. ಮಗು ಹಾಲು ಕುಡಿಯಲಾರದೆ ಅಳುತ್ತಲೇ ಇರುತ್ತದೆ.

ಜಗಳ ಆಡಿದ ಮೇಲೆ "ಸರಿ, ಎಲ್ಲಾ ಬದಲಾಯಿಸಿಬಿಡ್ತೀವಿ" ಅಂದರು. ಮೊದಲು ಅಲ್ಪವಿರಾಮವನ್ನೆಲ್ಲ ಚುಕ್ಕಿ ಮಾಡಿದರು, ಆಮೇಲೆ ಚುಕ್ಕಿಯನ್ನೆಲ್ಲ ಅಲ್ಪವಿರಾಮ. ಹಾಗೆ ಮಾಡಿದರೆ ಈಗಷ್ಟೇ ಸರಿಯಾದದ್ದೂ ಮತ್ತೆ ಕೆಡುತ್ತದೆ ಅಂತ ಹೊಳೆಯಲೇ ಇಲ್ಲ. ಅಂಕಿಗಳನ್ನು ಒಂದೊಂದಾಗಿ ಕಣ್ಣಿಟ್ಟು ತಿದ್ದಬೇಕು. ಅಡ್ಡದಾರಿ ಇಲ್ಲ.

ಇನ್ನು ನಮ್ಮ ಲಿಪಿಯದೇ ಒಂದು ಕಾಟ ಇದೆ. ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂ ಅಂತ ನಾನು ಪೂರ್ತಿ ಬರೆದಿದ್ದೆ. ಕಾಲಂನಲ್ಲಿ ಜಾಗ ಸಾಲದು ಅಂತ ಒಬ್ಬರು "ಮೈ.ಗ್ರಾಂ." ಮಾಡಿದರು. ಪ್ರೂಫ್ ನೋಡಿದವರು ಅಚ್ಚಿನ ತಪ್ಪು ಅಂದುಕೊಂಡು "ಮಿ.ಗ್ರಾಂ." ಮಾಡಿದರು. ಬದಲಾದದ್ದು ಒಂದು ಸ್ವರ, ಏರಿದ್ದು ಸಾವಿರ ಪಟ್ಟು. ಆ ಪವರ್‌ನ ಥೈರಾಯ್ಡ್ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಯಾರಾದರೂ ಹಿಡಿದಾರು. ಆದರೆ ಬಿ12 ಮಾತ್ರೆಗೋ ಹನಿ ಔಷಧಿಗೋ ಹೀಗಾದರೆ ಓದುವವರು ಹೇಗೆ ಹಿಡಿಯಬೇಕು? ಮೈಕ್ರೋಗ್ರಾಂ ಅನ್ನುವ ಪದವನ್ನು ಎಂದಿಗೂ ಕತ್ತರಿಸಬೇಡಿ ಅಂತ ಎಷ್ಟು ಸಲ ಬೇಡಿಕೊಳ್ಳಲಿ? ಕಾಲಂ ಅಗಲ ಮಾಡಿ, ಅಕ್ಷರ ಕಡಿಮೆ ಮಾಡಬೇಡಿ.

ನನಗೆ ಸಂಕಟ ಆಗುವುದು ಯಾಕೆ ಅಂದರೆ, ಇದಕ್ಕೆ ಬೇಕಾದ ಮಾತು ಕನ್ನಡದಲ್ಲೇ ಇದೆ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ, ಎರಡೂವರೆ. ಅಜ್ಜಿಯಿಂದ ಆಟೋದವರ ತನಕ ಎಲ್ಲರಿಗೂ ಗೊತ್ತು. ಚುಕ್ಕಿ ಅಳಿಸಿಹೋದರೂ ಪದ ಅಳಿಸಿಹೋಗುವುದಿಲ್ಲ. ಅದಕ್ಕೆ ನಾನು ಹೀಗೆ ಬರೆದಿದ್ದೆ: "ವಾರಕ್ಕೆ ಒಂದೇ ದಿನ, 7.5 ಮಿಲಿಗ್ರಾಂ (ಏಳೂವರೆ). ಅಂದರೆ 2.5 ಮಿಲಿಗ್ರಾಂನ (ಎರಡೂವರೆ) ಮೂರು ಮಾತ್ರೆ." ಅದನ್ನು "ಮೂಲದಲ್ಲಿಲ್ಲದ ಸೇರ್ಪಡೆ" ಅಂತ ಹೊಡೆದುಹಾಕಿದ್ದಾರೆ! ಸೇರ್ಪಡೆಯಂತೆ. ಅದು ಅದೇ ಅಂಕಿ ಸ್ವಾಮಿ, ನಮ್ಮ ಭಾಷೆಯಲ್ಲಿ.

ಸೋಮವಾರ ಪ್ರಿಂಟಿಗೆ ಹೋಗಬೇಕಂತೆ. ಇವತ್ತು ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಕೂತು ಹದಿನಾಲ್ಕು ಜಾಗವನ್ನೂ ಮತ್ತೆ ತಿದ್ದಿದೆ. ಆಂಟಿ ಓದಿದ ಹಾಳೆಯ ಫೋಟೋ ಜೊತೆಗಿಟ್ಟು ಕಳಿಸಿದ್ದೇನೆ. ಇದನ್ನು ಮತ್ತೆ ಬದಲಾಯಿಸಿದರೆ ಅನುವಾದಕರ ದೃಢೀಕರಣಕ್ಕೆ ನಾನು ಸಹಿ ಹಾಕುವುದಿಲ್ಲ, ದುಡ್ಡೂ ಬೇಡ ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.