ಅಡವಿಗೆ ಅವ್ವನ ನಂಬರ್

ವಿಜಯಪುರದ ಹಾಸ್ಟೆಲ್ ಹುಡುಗರ ಮ್ಯಾಲೆ ಬ್ಯಾಂಕಿನವರಿಗೆ ನಂಬಿಕಿ ಇಲ್ಲ. ಪಗಾರ ಚೀಟಿ ಕೇಳ್ತಾರ, ಜಾಮೀನು ಕೇಳ್ತಾರ. ಆದ್ರ ಮೊಬೈಲಿನ್ಯಾಗ ಸಾಲದ ಆಪ್ ಅನ್ನೂ ಒಬ್ಬ ಧರ್ಮಾತ್ಮ ಕುಂತಾನ ನೋಡ್ರಿ. ಅಂವಗ ಬಂಗಾರ ಬ್ಯಾಡ, ಹೊಲದ ಉತಾರ ಬ್ಯಾಡ. ಅಂವಾ ಅಡವಿಗೆ ಕೇಳೂದು ನಿಮ್ಮ ಅವ್ವನ ಫೋನ್ ನಂಬರ್ ಒಂದೇ. ಜೋಡೀಲೇ ಸೋದರಮಾವಂದು, ಎಚ್ಒಡಿ ಅವರದು, ಮೆಸ್ಸಿನ ಕಾಕಾಂದು.

ಪರೀಕ್ಷಾ ಫೀಗೆ 3,000 ರೂಪಾಯಿ ಕಡಿಮಿ ಬಿತ್ತಂತ ತಿಳೀರಿ. ಆಪ್ ಐದು ನಿಮಿಷದಾಗ 5,000 ಮಂಜೂರು ಮಾಡ್ತೈತಿ. ಖಾತೆಗೆ ಬರೂದು ಮಾತ್ರ 3,000. ಉಳಿದ 2,000 ಪ್ರೊಸೆಸಿಂಗ್ ಫೀ, ಸರ್ವಿಸ್ ಚಾರ್ಜ್ ಅಂತ ದಾರ್‍ಯಾಗ ಕರಗಿ ಹೋಗಿರತೈತಿ. ಏಳನೇ ದಿನಕ್ಕ ತಿರುಗಿ ಕೊಡೂದು 5,100. "ಬಡ್ಡಿ ಬರೇ ನೂರು ರೂಪಾಯಿ" ಅಂತ ಜಾಹೀರಾತಿನ್ಯಾಗ ಬರದದ್ದು ಸುಳ್ಳಲ್ಲ ಮತ್ತ! ಕೈಗೆ ಬಂದ 3,000ಕ್ಕ ವಾರದಾಗ 2,100 ಹೆಚ್ಚಿಗಿ ಹೋತು ಅನ್ನೂದಷ್ಟೇ ಬರದಿಲ್ಲ. ಊರಾಗ ತಿಂಗಳಿಗೆ ನೂರಕ್ಕ ಐದು ಬಡ್ಡಿ ತಗೊಳ್ಳಾಂವಗ ನಾವು ರಕ್ತ ಹೀರ್ತಾನಂತ ಬೈತೇವಿ. ಅದೇ ರೊಕ್ಕಕ್ಕ ಅಂವಾ ವಾರಕ್ಕ ತಗೊಳ್ಳೂದು 35 ರೂಪಾಯಿ. ಪಾಪ, ಅಂವಗ ಆಪ್ ಮಾಡಾಕ ಬರೂದಿಲ್ಲ.

ಆರನೇ ದಿನಕ್ಕ ರೊಕ್ಕ ಇಲ್ಲ. ಆಗ ಆಪ್ ಕರುಣಾ ತೋರಸತೈತಿ: "1,500 ಕಟ್ರಿ, ಇನ್ನೊಂದು ವಾರ ಕೊಡ್ತೇವಿ." ಎರಡು ಸಲ ಹಂಗ ಕಟ್ಟಿದ್ರ 3,000 ಹೋತು, ಸಾಲ ಇನ್ನೂ 5,100 ಹಂಗೇ ಐತಿ. ಅಸಲಿನ್ಯಾಗ ಒಂದು ಪೈಸಾ ಇಳಿದಿರೂದಿಲ್ಲ. ಅಷ್ಟೊತ್ತಿಗೆ ಇನ್ನೊಂದು ಆಪಿನ ಲಿಂಕ್ ವಾಟ್ಸಾಪಿಗೆ ಬರತೈತಿ. ಅದೂ ನೂರಕ್ಕ ನಾಲ್ವತ್ತು ಮುರಕೊಳ್ಳೂದೇ. ಅದಕ್ಕ 5,100 ಕೈಗೆ ಬರಬೇಕಂದ್ರ 8,500 ಸಾಲ ತಗೋಬೇಕು. ಅದನ್ನ ತೀರಸಾಕ ಮೂರನೇದರಾಗ 14,000ದ ಮ್ಯಾಲೆ. ಗೋಲಗುಮ್ಮಟದಾಗ ಒಮ್ಮಿ ಕೂಗಿದ ದನಿ ತಿರುಗಿ ತಿರುಗಿ ಬಂದು ಸಣ್ಣಗಾಗ್ತೈತಿ. ಈ ಗುಮ್ಮಟದಾಗ ಪ್ರತಿ ಸುತ್ತಿಗೂ ದೊಡ್ಡದಾಗ್ತೈತಿ.

ಇನ್ನ ಅಡವಿನ ಮಾತು. ಆಪ್ ಹಾಕಿದ ಕೂಡ್ಲೆ ಕಾಂಟ್ಯಾಕ್ಟ್ಸ್, ಗ್ಯಾಲರಿ ತೆರೀಲೇನು ಅಂತ ಕೇಳತೈತಿ. Allow ಒತ್ತಿದ ಗಳಿಗ್ಯಾಗ ಇಡೀ ಪಟ್ಟಿ ಅವರ ಕಡೆ ಹೋಗಿರತೈತಿ. ಆಮ್ಯಾಲೆ ಆಪ್ ಅಳಿಸಿದ್ರ ಅದು ತಿರುಗಿ ಬರೂದಿಲ್ಲ. ಗಡುವು ದಾಟಿದ್ರ, ಕೆಲವೊಮ್ಮಿ ದಾಟೂಕಿಂತ ಮೊದಲೇ, ನಿಮ್ಮ ಫೋಟೊ ಕೆಡಿಸಿ ಸೋದರಮಾವಗ ಕಳಸ್ತಾರ. ಸಾಲ ಕೊಟ್ಟಾಗ ನಿಮ್ಮ ಮುಖ ನೋಡಿರಾಕಿಲ್ಲ. ವಸೂಲಿಗೆ ಮಾತ್ರ ಮುಖ ಬೇಕು.

ರಿಸರ್ವ್ ಬ್ಯಾಂಕಿನ ನಿಯಮ 2022ರಿಂದಲೇ ಐತಿ: ಸಾಲದ ಆಪ್ ಕಾಂಟ್ಯಾಕ್ಟ್ಸ್, ಗ್ಯಾಲರಿ ಮುಟ್ಟಂಗಿಲ್ಲ. ಕೆವೈಸಿಗೆ ಒಂದು ಸಲ ಕ್ಯಾಮೆರಾ, ಮೈಕ್, ಲೊಕೇಶನ್ ಅಂಥಾದ್ದು ನಿಮ್ಮ ಒಪ್ಪಿಗಿ ತಗೊಂಡು ಕೇಳಬಹುದು, ಅಷ್ಟ. ಅಂದ್ರ ಪಟ್ಟಿ ಕೇಳಿದ ಆಪ್ ತನ್ನ ಜಾತಕ ತಾನೇ ತೋರಿಸಿದಂಗ. ಇನ್ನೊಂದು ಗುರುತು, ರೊಕ್ಕದ ದಾರಿ. ನೆಟ್ಟಗಿನ ಸಾಲ ಬ್ಯಾಂಕ್ ಇಲ್ಲಾ ನೋಂದಾಯಿತ ಫೈನಾನ್ಸ್ ಕಂಪನಿಯ ಖಾತೆಯಿಂದ ಬರತೈತಿ, ತಿರುಗಿ ಕಟ್ಟಿದ್ದೂ ಅವರ ಖಾತೆಗೇ ಹೋಗತೈತಿ. ಎಲ್ಲಾ ಖರ್ಚು ಕೂಡಿಸಿ ವರ್ಷಕ್ಕ ಶೇಕಡಾ ಎಷ್ಟು ಅನ್ನೂ ಹಾಳಿ ಸಹಿಗಿಂತ ಮೊದಲೇ ಕೊಡಬೇಕು. ಯಾರೋ ಅಪರಿಚಿತನ ಯುಪಿಐಗೆ "ಅರ್ಜೆಂಟ್ ಹಾಕ್ರಿ" ಅಂದ್ರ ಅದು ಕಂಪನಿ ಅಲ್ಲ.

ಈಗಾಗಲೇ ಸಿಕ್ಕೊಂಡಿದ್ರ ಮೊದಲು ಏನೂ ಅಳಿಸಬ್ಯಾಡ್ರಿ. ಆಪಿನ ಹೆಸರು, ಕರೆ ಬಂದ ನಂಬರು, ಬೆದರಿಕಿ, ರೊಕ್ಕ ಹೋದ ಯುಪಿಐ ಎಲ್ಲಾದರ ಸ್ಕ್ರೀನ್‌ಶಾಟ್ ತಗೀರಿ. ಆಮ್ಯಾಲೆ ಆಪಿಗೆ ಕೊಟ್ಟ Allow ಬಂದ್ ಮಾಡಿ ಅದನ್ನ ತಗದು ಹಾಕ್ರಿ. 1930ಕ್ಕ ಫೋನ್ ಮಾಡ್ರಿ, ಇಲ್ಲಾ cybercrime.gov.in ನ್ಯಾಗ ದೂರು ಕೊಡ್ರಿ. ಗಡುವು ಮುಂದ ಹಾಕೂ ರೊಕ್ಕ ಮಾತ್ರ ಕಟ್ಟಬ್ಯಾಡ್ರಿ. ಒಮ್ಮಿ ಅಂಜಿ ಕಟ್ಟಿದಾಂವ ಮತ್ತ ಕಟ್ತಾನ ಅನ್ನೂದು ಅವರಿಗೆ ಗೊತ್ತು. "ನಾಳೆ ಪೊಲೀಸರು ಬರ್ತಾರ" ಅಂತ ವಾಟ್ಸಾಪಿಗೆ ಬರೂ ಕೋರ್ಟ್ ನೋಟಿಸ್ ಓದಿದ್ರ ನಗು ಬರತೈತಿ, ನ್ಯಾಯಾಧೀಶರ ಸಹಿಯ ಪಕ್ಕದಾಗೇ ಕ್ಯೂಆರ್ ಕೋಡ್ ಇರತೈತಿ.

ಎಲ್ಲಾದಕ್ಕಿಂತ ಮೊದಲು ಅಡವು ಬಿಡಿಸ್ಕೋರಿ. ಆಪಿನವರು ಕಳಸೂ ಫೋಟೊ ಮುಟ್ಟೂದರಾಗ ನೀವೇ ಮನಿಗೆ, ಗೆಳೆಯರಿಗೆ ಹಿಂಗ ಬರೀರಿ: "ನನ್ನ ಫೋನಿನ ನಂಬರ್ ಕಳವು ಆಗ್ಯಾವ. ನನ್ನ ಹೆಸರಿನ್ಯಾಗ ಫೋಟೊ, ಸಾಲದ ಮಾತು ಬಂದ್ರ ನಂಬಬ್ಯಾಡ್ರಿ, ರೊಕ್ಕ ಕೊಡಬ್ಯಾಡ್ರಿ, ಸ್ಕ್ರೀನ್‌ಶಾಟ್ ನನಗ ಕಳಸ್ರಿ." ಅವ್ವ ಎರಡು ದಿನ ಬೈತಾಳ. ಸೋದರಮಾವ ಅದನ್ನ ಐದು ನಿಮಿಷದಾಗ ಮನಿ ಗ್ರೂಪಿನ ಎಲ್ಲಾರಿಗೂ ಫಾರ್ವರ್ಡ್ ಮಾಡ್ತಾರ, ಜೋಡೀಲೇ ಒಂದು ಶುಭೋದಯದ ಗುಲಾಬಿ ಹೂನೂ ಇರತೈತಿ.